‘ಗಾಳಿ ಆಡಿಸಿ’ ಅಂದರೆ ಯಾವ ಗಾಳಿ?

ಕೋಲ್ಡ್ ಸ್ಟೋರೇಜ್ ಮತ್ತು ಹಣ್ಣು ಮಾಗಿಸುವ ಚೇಂಬರ್ ತಯಾರಿಸುವ ಕಂಪನಿಯೊಂದು ತನ್ನ ಇಂಗ್ಲಿಷ್ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಡಿ ಎಂದು ನನ್ನನ್ನು ಕೇಳಿತ್ತು. ಓದುವವರು ಬೆಂಗಳೂರಿನ ಹಣ್ಣಿನ ಮಂಡಿಯವರು ಮತ್ತು ಅವರ ಚೇಂಬರ್ ನೋಡಿಕೊಳ್ಳುವ ಹುಡುಗರು. ಟೆಂಪರೇಚರ್, ತೇವ, ಗ್ಯಾಸ್, ಈ ಮೂರರ ಮೇಲೇ ಇಡೀ ಪುಸ್ತಕ. ನಾನು ಒಂದು ತಿಂಗಳು ಕೂತು ಮಾಡಿದೆ. ಇಬ್ಬರು ಓದಿ ತಿದ್ದಿದರು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಆದರೂ ಅದರ ಒಂದು ಸಾಲಿನಿಂದ 5 ಟನ್ ಬಾಳೆಕಾಯಿ ಕೆಡುವ ಹಂತಕ್ಕೆ ಬಂತು. ಆ ಸಾಲು ಯಾವುದು, ಅದು ಹೇಗೆ ತಪ್ಪಾಯಿತು, ಆಮೇಲೆ ಏನು ಮಾಡಿದೆವು ಎಂಬುದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಬಿನ್ನಿ ಮಿಲ್ ರಸ್ತೆ ಕಡೆಯ ಒಂದು ಬಾಳೆಕಾಯಿ ಮಂಡಿ ಅದು. ಚೇಂಬರ್ ದೊಡ್ಡದೇನಲ್ಲ. 20 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಭಾನುವಾರ ರಾತ್ರಿ ಲಾರಿಯಿಂದ ಪಚ್ಚಬಾಳೆ ಇಳಿಸಿ, 20 ಕೆಜಿಯ 250 ಕ್ರೇಟ್ ಒಳಗೆ ಜೋಡಿಸಿದ್ದರು. ಕಾಯಿ ಚೆನ್ನಾಗಿ ಬಲಿತಿತ್ತು. ಸೋಮವಾರ ಬೆಳಗ್ಗೆ, ಕಾಯಿಯನ್ನು ಹಣ್ಣು ಮಾಡುವ ಎಥಿಲೀನ್ ಅನಿಲ ಬಿಡುವ ಜನರೇಟರ್ ಹಾಕಿದರು. ಲೆಕ್ಕದ ಪ್ರಕಾರ ಬುಧವಾರ ಬೆಳಗ್ಗೆ ಹೊತ್ತಿಗೆ ಹಸಿರು ತಿಳಿಯಾಗಿ, ಚಿಪ್ಪಿನ ಮೇಲೆ ಅಲ್ಲಲ್ಲಿ ಹಳದಿ ಇಣುಕಬೇಕಿತ್ತು. ಶುಕ್ರವಾರ ಮಾಲು ತಳ್ಳುಗಾಡಿಯವರಿಗೆ ಹೋಗಬೇಕಿತ್ತು.

ಬುಧವಾರ ಬೆಳಗ್ಗೆ ಯಜಮಾನರು ನನಗೇ ಫೋನ್ ಮಾಡಿದರು. ಪುಸ್ತಕದ ಹಿಂದೆ ಕಂಪನಿಯವರು ನನ್ನ ನಂಬರನ್ನೂ ಹಾಕಿದ್ದರು.

“ಏನಮ್ಮಾ, ನಿಮ್ಮ ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದೀವಿ. ಕಾಯಿ ಹಸಿರಾಗೇ ಇದೆ, ಒತ್ತಿದ್ರೆ ಮೆತ್ತಗೆ. ಒಂದ್ಸಲ ಬಂದು ನೋಡ್ತೀರಾ?”

ಹೋದೆ. ಕಂಪನಿಯ ಟೆಕ್ನಿಷಿಯನ್ನೂ ಬಂದಿದ್ದರು. ಬಾಗಿಲ ಹತ್ತಿರದ ಎರಡು ಸಾಲು ಕ್ರೇಟಿನಲ್ಲಿ ಸ್ವಲ್ಪ ಬಣ್ಣ ತಿರುಗಿತ್ತು. ಒಳಗೆ ಹೋದ ಹಾಗೆಲ್ಲ ಹಸಿರು. ನಡುವಿನ ಕ್ರೇಟಿನಿಂದ ಒಂದು ಕಾಯಿ ತೆಗೆದು ಹೆಬ್ಬೆರಳಿನಿಂದ ಒತ್ತಿದರೆ ಬೆರಳು ಒಳಕ್ಕೆ ಹೋಗುತ್ತಿತ್ತು. ಸಿಪ್ಪೆ ಮಾತ್ರ ಮೊನ್ನೆ ಲಾರಿಯಿಂದ ಇಳಿದಾಗ ಇದ್ದ ಬಣ್ಣವೇ. ಕೋಣೆಯಲ್ಲಿ ಹಣ್ಣಿನ ಘಮ ಇರಲಿಲ್ಲ, ಮುಗ್ಗಿದ ಭಾರವಾದ ವಾಸನೆ ಇತ್ತು. ಚೇಂಬರ್ ನೋಡಿಕೊಳ್ಳುವ ಹುಡುಗ ಒಂದು ಮಾತು ಹೇಳಿದ. “ಬೆಳಗ್ಗೆ ಬಾಗಿಲು ತೆಗೆದು ಒಳಗೆ ಹೋದೆ ಅಕ್ಕಾ, ತಲೆ ಗಿಮ್ ಅಂತು. ಉಸಿರು ಕಟ್ಟಿದ ಹಾಗಾಯ್ತು, ಓಡಿ ಈಚೆ ಬಂದೆ.”

ಟೆಕ್ನಿಷಿಯನ್ ಕಿವಿ ನೆಟ್ಟಗಾಗಿದ್ದು ಈ ಮಾತಿಗೆ.

ಕಾಯಿಗೆ ಜೀವ ಇದೆ. ಗೊನೆ ಕಡಿದ ಮೇಲೂ ಅದು ಉಸಿರಾಡುತ್ತದೆ. ನಮ್ಮ ಹಾಗೇ ಆಮ್ಲಜನಕ ಎಳೆದುಕೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಹಸಿ ಕಾಯಿಯ ಉಸಿರು ನಿಧಾನ, ಹಣ್ಣಾಗಲು ಶುರುವಾದರೆ ಜೋರು. 18 ಡಿಗ್ರಿಯಲ್ಲಿ ಒಂದು ಕೆಜಿ ಬಾಳೆ ಗಂಟೆಗೆ ಸುಮಾರು 15 ಮಿಲಿಲೀಟರಿನಿಂದ 60 ಮಿಲಿಲೀಟರಿನವರೆಗೆ ಈ ಅನಿಲ ಬಿಡುತ್ತದೆ. ಕಡಿಮೆ ಲೆಕ್ಕ ಹಸಿ ಕಾಯಿಯದು, ಜಾಸ್ತಿ ಲೆಕ್ಕ ಹಣ್ಣಾಗುತ್ತಿರುವುದರದು. ಕೆಜಿ ಲೆಕ್ಕದಲ್ಲಿ ಇದು ಏನೂ ಅಲ್ಲ ಅನಿಸುತ್ತದೆ, ಅಲ್ವಾ? 5 ಟನ್ನಿಗೆ ಹಾಕಿ ನೋಡಿ. ಹಸಿ ಕಾಯಿಯೇ ಗಂಟೆಗೆ 75 ಲೀಟರ್ ಬಿಡುತ್ತದೆ. ಹಣ್ಣಾಗುವ ಕಾಯಿ 300 ಲೀಟರಿನವರೆಗೆ ಹೋಗುತ್ತದೆ.

ಆ ಕೋಣೆಯಲ್ಲಿ ಕ್ರೇಟು, ಕಾಯಿ ಕಳೆದು ಉಳಿಯುವ ಗಾಳಿ ಹೆಚ್ಚು ಕಡಿಮೆ 50,000 ಲೀಟರ್. ಅದರಲ್ಲಿ 1 ಪರ್ಸೆಂಟ್ ಅಂದರೆ 500 ಲೀಟರ್. ಬಾಗಿಲು ಗಟ್ಟಿಯಾಗಿ ಮುಚ್ಚಿದ್ದರೆ, ಹಸಿ ಕಾಯಿಯ ಕೋಣೆಯಲ್ಲೂ 7 ಗಂಟೆಯೊಳಗೆ ಕಾರ್ಬನ್ ಡೈಆಕ್ಸೈಡ್ 1 ಪರ್ಸೆಂಟ್ ದಾಟುತ್ತದೆ. ಹಣ್ಣಾಗುವ ಹೊತ್ತಿನಲ್ಲಿ ಎರಡು ಗಂಟೆಯೂ ಬೇಕಿಲ್ಲ.

1 ಪರ್ಸೆಂಟ್ ಯಾಕೆ ಮುಖ್ಯ? ಎಥಿಲೀನ್ ಕೆಲಸ ಮಾಡಬೇಕಾದರೆ ಅದು ಕಾಯಿಯೊಳಗೆ ಒಂದು ಜಾಗದಲ್ಲಿ ಹೋಗಿ ಕೂರಬೇಕು. ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದರೆ ಆ ಕೆಲಸಕ್ಕೆ ಅಡ್ಡ ಬರುತ್ತದೆ. ಬಸ್ಸಿನಲ್ಲಿ ಯಾರೋ ಸೀಟಿಗೆ ಟವೆಲ್ ಹಾಕಿಟ್ಟ ಹಾಗೆ. ಎಥಿಲೀನ್ ಕೋಣೆ ತುಂಬ ಇರುತ್ತದೆ, ಕೂರಲು ಜಾಗ ಸಿಗುವುದಿಲ್ಲ. ಹಾಗಾಗಿ ಬಣ್ಣ ತಿರುಗುವುದು ತಡವಾಗುತ್ತದೆ, ಒಂದೊಂದು ಕ್ರೇಟು ಒಂದೊಂದು ಥರ ಆಗುತ್ತದೆ. ಬಾಗಿಲ ಸಂದಿಯಿಂದ ಹೊಸ ಗಾಳಿ ಸಿಗುವ ಸಾಲಿಗೆ ಮೊದಲು ಬಣ್ಣ ಬರುತ್ತದೆ. ನಾವು ನೋಡಿದ್ದೂ ಅದನ್ನೇ.

ಹಾಗಾದರೆ ಆ ಹುಡುಗ ಒಳಗಿನ ಗಾಳಿಯನ್ನು ಹೊರಗೆ ಬಿಟ್ಟಿರಲಿಲ್ಲವೇ? ಪುಸ್ತಕದಲ್ಲಿ ಬರೆದಿತ್ತಲ್ಲ?

ಪುಸ್ತಕ ತರಿಸಿದೆ. ಇಂಗ್ಲಿಷಿನಲ್ಲಿ ‘ವೆಂಟಿಲೇಟ್’ ಇದ್ದ ಕಡೆ ನಾನು ಬರೆದದ್ದು ಇದು: “ಗ್ಯಾಸ್ ಹಾಕಿದ 24 ಗಂಟೆಯ ನಂತರ, 12 ಗಂಟೆಗೊಮ್ಮೆ 20 ನಿಮಿಷ ಕೋಣೆಯಲ್ಲಿ ಗಾಳಿ ಆಡಿಸಿ.”

ಹುಡುಗನಿಗೆ ಆ ಸಾಲು ಗಟ್ಟಿಯಾಗಿ ಓದಲು ಹೇಳಿದೆ. ಓದಿದ. “ಇದನ್ನು ಹೇಗೆ ಮಾಡಿದೆ, ತೋರಿಸಪ್ಪಾ” ಅಂದೆ. ಬಾಗಿಲ ಪಕ್ಕದ ಬೋರ್ಡಿನಲ್ಲಿ ಎರಡು ಸ್ವಿಚ್ ಇದ್ದವು. ಒಂದರ ಮೇಲೆ `FAN`, ಇನ್ನೊಂದರ ಮೇಲೆ `EXHAUST`. ಅವನ ಕೈ ನೇರವಾಗಿ `FAN` ಮೇಲೆ ಹೋಯಿತು. “ಇದು ಯಾವಾಗ್ಲೂ ಆನ್ ಇರುತ್ತೆ ಅಕ್ಕಾ. ಪುಸ್ತಕದಲ್ಲಿ ಬರೀ 20 ನಿಮಿಷ ಅಂತಿತ್ತು, ಸುಮ್ನೆ ಯಾಕೆ ಆಫ್ ಮಾಡೋದು ಅಂತ ರಾತ್ರಿಯಿಡೀ ಬಿಟ್ಟೆ.”

ಅವನು ಹೇಳಿದ್ದು ಸರಿ. ‘ಗಾಳಿ ಆಡಿಸುವುದು’ ಅಂದರೆ ಕನ್ನಡದಲ್ಲಿ ಗಾಳಿ ಓಡಾಡುವ ಹಾಗೆ ಮಾಡುವುದು. ಕಿಟಕಿ ತೆಗೆದರೂ ಗಾಳಿ ಆಡುತ್ತದೆ, ಫ್ಯಾನ್ ಹಾಕಿದರೂ ಗಾಳಿ ಆಡುತ್ತದೆ. ಮನೆಯಲ್ಲಿ ಕೂತು ಬರೆದ ನನ್ನ ಕಣ್ಣ ಮುಂದೆ ಕಿಟಕಿ ಇತ್ತು. ಕಿಟಕಿಯೇ ಇಲ್ಲದ ಚೇಂಬರಿನ ಮುಂದೆ ನಿಂತವನ ಕಣ್ಣ ಮುಂದೆ ಫ್ಯಾನ್ ಸ್ವಿಚ್ ಇತ್ತು. ಅಷ್ಟೇ ಅಲ್ಲ, ಹಿಂದಿನ ಪುಟದಲ್ಲಿ, ಫ್ಯಾನ್ ಹಾಕಿ ತಂಪು ಎಲ್ಲ ಕ್ರೇಟಿಗೂ ತಲುಪಿಸಬೇಕು ಎನ್ನುವ ಜಾಗದಲ್ಲೂ ನಾನು ‘ಗಾಳಿ ಆಡಿಸಿ’ ಎಂದೇ ಬರೆದಿದ್ದೆ. ಇಂಗ್ಲಿಷಿನಲ್ಲಿ ಅಲ್ಲಿ ಬೇರೆ ಪದ ಇತ್ತು, ‘ಸರ್ಕ್ಯುಲೇಟ್’. ಎರಡು ಬೇರೆ ಕೆಲಸಕ್ಕೆ ನಾನು ಒಂದೇ ಹೆಸರು ಕೊಟ್ಟಿದ್ದೆ. ಒಂದು ಕೆಲಸ ಒಳಗಿನ ಗಾಳಿಯನ್ನು ಒಳಗೇ ಸುತ್ತಿಸುತ್ತದೆ. ಇನ್ನೊಂದು ಅದನ್ನು ಹೊರಗೆ ತಳ್ಳಿ ಹೊಸದನ್ನು ತರುತ್ತದೆ. ಮೊದಲನೆಯದನ್ನು ಎಷ್ಟು ಹೊತ್ತು ಮಾಡಿದರೂ ಕಾರ್ಬನ್ ಡೈಆಕ್ಸೈಡ್ ಒಂದು ಲೀಟರೂ ಕಡಿಮೆಯಾಗುವುದಿಲ್ಲ.

ಟೆಕ್ನಿಷಿಯನ್ ಸುಮ್ಮನೆ ನನ್ನ ಮಾತು ನಂಬಲಿಲ್ಲ. ಅವರು ಹಾಗೆ ಮಾಡಿದ್ದು ಒಳ್ಳೆಯದೇ ಆಯಿತು. ಹಸಿರು ಸಿಪ್ಪೆ, ಮೆತ್ತಗಿನ ತಿರುಳು, ಇದಕ್ಕೆ ಇನ್ನೊಂದು ಕಾರಣವೂ ಇದೆ. ಪಚ್ಚಬಾಳೆ 24 ಡಿಗ್ರಿ ಮೇಲಿನ ಬಿಸಿಯಲ್ಲಿ ಹಣ್ಣಾದರೆ ಒಳಗೆ ಹಣ್ಣಾಗುತ್ತದೆ, ಸಿಪ್ಪೆಯ ಹಸಿರು ಹೋಗುವುದಿಲ್ಲ. ಏಲಕ್ಕಿ ಬಾಳೆಗೆ ಈ ತೊಂದರೆ ಇಲ್ಲ, ಮನೆಯ ಮೂಲೆಯಲ್ಲಿಟ್ಟರೂ ಹಳದಿಯಾಗುತ್ತದೆ. ಪಚ್ಚಬಾಳೆಗೆ ತಂಪು ಬೇಕೇ ಬೇಕು. ಹಾಗಾಗಿ ಬಿಸಿ ಎಷ್ಟಿತ್ತು ಎಂದು ಮೊದಲು ನೋಡಬೇಕಿತ್ತು.

ಪ್ಯಾನೆಲ್‌ನಲ್ಲಿ `TEMP` 18 ತೋರಿಸುತ್ತಿತ್ತು. ಆದರೆ ಅದು ಗಾಳಿಯ ಲೆಕ್ಕ. ಟೆಕ್ನಿಷಿಯನ್ ಚೂಪು ಕಡ್ಡಿಯ ಥರ್ಮಾಮೀಟರ್ ತೆಗೆದು, ನಡುವಿನ ಸಾಲಿನ ನಡುವಿನ ಕ್ರೇಟಿನ ಒಂದು ಕಾಯಿಗೆ ತಿರುಳಿನ ತನಕ ಚುಚ್ಚಿದರು. 21 ಇತ್ತು. ಉಸಿರಾಡುವ ಕಾಯಿ ಬಿಸಿಯನ್ನೂ ಬಿಡುತ್ತದೆ, ಹಾಗಾಗಿ ಒತ್ತಾಗಿ ಜೋಡಿಸಿದ ಕ್ರೇಟುಗಳ ನಡುವೆ ಕಾಯಿ ಗಾಳಿಗಿಂತ ಬಿಸಿಯಾಗಿಯೇ ಇರುತ್ತದೆ. 16ರಿಂದ 18 ಇರಬೇಕಾದದ್ದು ಈ ತಿರುಳಿನದು, ಗಾಳಿಯದಲ್ಲ. 21 ಜಾಸ್ತಿಯೇ, ಕಾಯಿ ಬೇಗ ಮೆತ್ತಗಾಗಲು ಅದೂ ಸೇರಿತ್ತು. ಆದರೆ ಸಿಪ್ಪೆ ಈ ಪರಿ ಹಸಿರಾಗಿ ನಿಲ್ಲಲು ಅದೊಂದೇ ಸಾಲದು ಎಂದರು.

ಆಮೇಲೆ ಬಾಗಿಲನ್ನು ಪೂರ್ತಿ ತೆಗೆದು, ಎಕ್ಸಾಸ್ಟ್ ಹಾಕಿ ಅರ್ಧ ಗಂಟೆ ಬಿಟ್ಟರು. ಅಷ್ಟು ಹೊತ್ತು ಯಾರೂ ಒಳಗೆ ಹೋಗಬಾರದು ಎಂದರು. ನಂತರ ಕಾರ್ಬನ್ ಡೈಆಕ್ಸೈಡ್ ಅಳೆಯುವ, ಕೈಯಲ್ಲಿ ಹಿಡಿಯುವ ಮೀಟರನ್ನು ಒಳಗಿಟ್ಟು ಬಾಗಿಲು ಮುಚ್ಚಿದರು. ಆಗ 0.1 ಪರ್ಸೆಂಟ್ ಇತ್ತು. ಎದುರಿನ ಅಂಗಡಿಯಲ್ಲಿ ಟೀ ಕುಡಿದು, ಮಂಡಿಯ ಲೆಕ್ಕದ ಪುಸ್ತಕ ನೋಡಿ, ಸರಿಯಾಗಿ ಎರಡು ಗಂಟೆ ಕಳೆದ ಮೇಲೆ ಬಾಗಿಲು ತೆಗೆದಾಗ 0.9. ಗಂಟೆಗೆ 0.4 ಏರಿತ್ತು. ಅಂದರೆ ಸುಮಾರು 200 ಲೀಟರ್. ಕಾಗದದ ಮೇಲೆ ಮಾಡಿದ ಲೆಕ್ಕದ ಒಳಗೇ ಇತ್ತು.

ಇಲ್ಲಿ ನಾನು ಅಂದುಕೊಂಡಿರದ ಇನ್ನೊಂದು ವಿಷಯ ಹೊರಬಂತು. ಗಂಟೆಗೆ 0.4 ಏರಿದರೆ 12 ಗಂಟೆಗೆ 4.8 ಪರ್ಸೆಂಟ್. ಅದೇ ಪುಸ್ತಕ ಇನ್ನೊಂದು ಕಡೆ 1 ಪರ್ಸೆಂಟ್ ಮೀರಬಾರದು ಎನ್ನುತ್ತದೆ. ಹುಡುಗ ಸರಿಯಾದ ಸ್ವಿಚ್ ಒತ್ತಿದ್ದರೂ ಎರಡು ಸಲದ ನಡುವೆ ಮಿತಿ ನಾಲ್ಕು ಪಟ್ಟು ದಾಟುತ್ತಿತ್ತು. ನನ್ನ ಪದ ಒಂದು ತಪ್ಪು, ಮೂಲದ ಸಂಖ್ಯೆ ಇನ್ನೊಂದು ತಪ್ಪು. ಕಂಪನಿಯ ಎಂಜಿನಿಯರಿಗೆ ಈ ಎರಡು ಸಾಲನ್ನೂ ಅಕ್ಕಪಕ್ಕ ಇಟ್ಟು ಕಳಿಸಿದೆ. ಅವರು ಒಪ್ಪಿಕೊಂಡರು. 12 ಗಂಟೆ ಎಂಬುದು ಹಳೆಯ ಕೈಪಿಡಿಯಿಂದ ಬಂದ ಲೆಕ್ಕ. ಆಗಿನ ಕೋಣೆಗಳ ಸಂದಿಗೊಂದಿಯಲ್ಲಿ ಗಾಳಿ ತಾನಾಗಿ ಸೋರುತ್ತಿತ್ತು. ಈಗಿನದು ಪಫ್ ಪ್ಯಾನೆಲ್ ಕೋಣೆ, ಅಂದರೆ ನಡುವೆ ಫೋಮ್ ತುಂಬಿದ ಹಲಗೆಯ ಗೋಡೆ, ಅದರಲ್ಲಿ ಅಷ್ಟು ಸೋರುವುದಿಲ್ಲ. ಬಣ್ಣ ತಿರುಗುವ ತನಕ ಎರಡು ಗಂಟೆಗೊಮ್ಮೆ ಎಕ್ಸಾಸ್ಟ್ ತಾನಾಗಿ ಓಡುವ ಹಾಗೆ ಟೈಮರ್ ಹಾಕಬೇಕು, ಮೀಟರ್ ಇದ್ದವರು 1 ಪರ್ಸೆಂಟಿಗೆ ಎಕ್ಸಾಸ್ಟ್ ಶುರುವಾಗುವ ಹಾಗೆ ಇಟ್ಟುಕೊಳ್ಳಬೇಕು ಎಂದು ಬರೆದು ಕಳಿಸಿದರು. ಎಕ್ಸಾಸ್ಟ್ ಹಾಕಿದಾಗಲೆಲ್ಲ ಎಥಿಲೀನೂ ಸ್ವಲ್ಪ ಹೊರಗೆ ಹೋಗುತ್ತದೆ. ಮೊದಲ ದಿನ ಜನರೇಟರ್ ಓಡುತ್ತಲೇ ಇರುವುದರಿಂದ ಅದು ಮತ್ತೆ ತುಂಬಿಕೊಳ್ಳುತ್ತದೆ. ಸಿಲಿಂಡರಿನಿಂದ ಒಂದೇ ಸಲ ಬಿಡುವವರು ಮಾತ್ರ ಪ್ರತಿ ಸಲವೂ ಮತ್ತೆ ಅಳೆದು ಬಿಡಬೇಕು.

ಸಂಖ್ಯೆಯನ್ನು ಪ್ರಶ್ನಿಸುವುದು ಅನುವಾದ ಮಾಡುವವರ ಕೆಲಸವಲ್ಲ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದೇ ಪುಸ್ತಕದ ಎರಡು ಸಾಲು ಒಂದಕ್ಕೊಂದು ಹೊಂದದಿದ್ದರೆ, ಅದನ್ನು ಎಲ್ಲರಿಗಿಂತ ನಿಧಾನವಾಗಿ ಓದುವವಳು ನಾನೇ. ನನ್ನ ಕಣ್ಣಿಗೆ ಮೊದಲೇ ಬೀಳಬೇಕಿತ್ತು.

ಇಷ್ಟೆಲ್ಲ ಆದಮೇಲೆ ಇಡೀ ಪುಸ್ತಕವನ್ನು ಆ ಹುಡುಗನ ಜೊತೆ ಕೂತು ಮತ್ತೆ ಓದಿದೆ. ರೀತಿ ಸುಲಭ. ಅವನು ಒಂದು ಸಾಲು ಓದಬೇಕು, ತಕ್ಷಣ ಎದ್ದು ಹೋಗಿ ಅದನ್ನು ಮಾಡಿ ತೋರಿಸಬೇಕು. ನಾನು ಬಾಯಿ ಬಿಡಬಾರದು. ಕೈ ತಪ್ಪು ಜಾಗಕ್ಕೆ ಹೋದರೆ ತಪ್ಪು ಸಾಲಿನದು. ಎರಡು ದಿನ ಹಿಡಿಯಿತು, ಮಂಡಿಯಲ್ಲಿ ಹರಾಜು ಮುಗಿದ ಮೇಲೆ ಮಧ್ಯಾಹ್ನದ ಹೊತ್ತಿನಲ್ಲಿ.

ಹೀಗೆ ಸಿಕ್ಕಿದ್ದರಲ್ಲಿ ನನಗೆ ನಿಜವಾಗಿ ಭಯವಾದದ್ದು ‘ಗ್ಯಾಸ್’ ಪದ. ಪುಸ್ತಕದ ಒಂದು ಪುಟದಲ್ಲಿ ‘ಗ್ಯಾಸ್ 100 ಪಿಪಿಎಂ ಇರಬೇಕು’ ಎಂದಿತ್ತು. ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ನಾಲ್ಕು ಪುಟ ಆದಮೇಲೆ ‘ಗ್ಯಾಸ್ 1 ಪರ್ಸೆಂಟ್ ಮೀರಬಾರದು’ ಎಂದಿತ್ತು. ಮೊದಲನೆಯದು ಎಥಿಲೀನ್, ಎರಡನೆಯದು ಕಾರ್ಬನ್ ಡೈಆಕ್ಸೈಡ್. ಇಂಗ್ಲಿಷ್ ಪುಟದಲ್ಲಿ ತಲೆಬರಹ ನೋಡಿದರೆ ಯಾವುದು ಎಂದು ತಿಳಿಯುತ್ತಿತ್ತು, ನನ್ನದರಲ್ಲಿ ತಿಳಿಯುತ್ತಿರಲಿಲ್ಲ. ಪ್ಯಾನೆಲ್‌ನಲ್ಲಿ ಒಂದಕ್ಕೆ `C2H4`, ಇನ್ನೊಂದಕ್ಕೆ `CO2` ಎಂದಿದೆ. ಹುಡುಗ ಎರಡಕ್ಕೂ ‘ಸೀ ಟೂ’ ಅನ್ನುತ್ತಿದ್ದ. ಅವನ ಪಾಲಿಗೆ ಎರಡೂ ಒಂದೇ ಥರ ಕಾಣುತ್ತಿತ್ತು.

ಬೆರೆತರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದೆ. ಆ ಇಡೀ ಕೋಣೆಗೆ 100 ಪಿಪಿಎಂ ಎಥಿಲೀನ್ ಅಂದರೆ ಬರೀ 5 ಲೀಟರ್. ಒಂದು ಎಣ್ಣೆ ಕ್ಯಾನ್ ತುಂಬುವಷ್ಟು. ‘1 ಪರ್ಸೆಂಟ್ ತನಕ ಬಿಡಬಹುದು’ ಎಂದು ಯಾರಾದರೂ ಓದಿಕೊಂಡರೆ 500 ಲೀಟರ್ ಆಗುತ್ತದೆ, ನೂರು ಪಟ್ಟು. ಎಥಿಲೀನ್ ಉರಿಯುವ ಅನಿಲ. ಗಾಳಿಯಲ್ಲಿ 2.7 ಪರ್ಸೆಂಟ್ ಮುಟ್ಟಿದರೆ ಒಂದು ಕಿಡಿಗೆ ಸ್ಫೋಟವಾಗುತ್ತದೆ. 100 ಪಿಪಿಎಂನಲ್ಲಿ ಆ ಅಪಾಯದ ಹತ್ತಿರಕ್ಕೂ ಹೋಗುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಿರುವುದೂ 100 ಪಿಪಿಎಂವರೆಗೆ ಮಾತ್ರ. ಇನ್ನು ಹಳೆಯ ಮಂಡಿಯವರ ಬಾಯಲ್ಲಿ ಬರೀ ‘ಗ್ಯಾಸ್’ ಅಂದರೆ ಕಾರ್ಬೈಡ್ ಕಲ್ಲಿನಿಂದ ಬರುವ ಅಸಿಟಿಲೀನ್. ಅದರಲ್ಲಿ ಹಣ್ಣು ಮಾಗಿಸುವುದು ನಿಷೇಧ. ಮೂರು ಬೇರೆ ಅನಿಲಕ್ಕೆ ಒಂದೇ ಪದ ಇಟ್ಟುಕೊಂಡು ಕೈಪಿಡಿ ಬರೆಯಲು ಆಗುವುದಿಲ್ಲ.

ಹೊಸ ಪುಸ್ತಕದಲ್ಲಿ ಒಂಟಿ ‘ಗ್ಯಾಸ್’ ಎಲ್ಲೂ ಇಲ್ಲ. ‘ಹಣ್ಣು ಮಾಡುವ ಎಥಿಲೀನ್’ ಮತ್ತು ‘ಕಾಯಿ ಬಿಡುವ ಉಸಿರು’ ಎಂದು ಎರಡು ಹೆಸರು ಇಟ್ಟೆ. ಎರಡನೆಯದನ್ನು ಹುಡುಗನೇ ಕೊಟ್ಟ. ‘ಕಾರ್ಬನ್ ಡೈಆಕ್ಸೈಡ್’ ಎಂದು ವಿವರಿಸುತ್ತಿದ್ದಾಗ, “ಅಂದ್ರೆ ಕಾಯಿ ಬಿಡೋ ಉಸಿರು ತಾನೇ?” ಅಂದ. ಅದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿರಲಿಲ್ಲ. ಮೊದಲ ಸಲ ಬಂದಾಗ ಪೂರ್ತಿ ಹೆಸರು ಹೇಳಿ, ಆಮೇಲೆ ಅದನ್ನೇ ಬಳಸಿದೆ.

ತೇವದ ವಿಷಯ ಬೇಗ ಸರಿಹೋಯಿತು. ನಾನು ‘ಸಾಪೇಕ್ಷ ಆರ್ದ್ರತೆ 90ರಿಂದ 95’ ಎಂದು ಬರೆದಿದ್ದೆ. ಯಾರಿಗೂ ಅರ್ಥವಾಗಿರಲಿಲ್ಲ. ಅದನ್ನು ಬರೀ ‘ತೇವ’ ಎಂದು ಬದಲಿಸಿ ಓದಿಸಿದರೆ ಹುಡುಗ ಪೈಪ್ ಹಿಡಿದು ಕ್ರೇಟಿನ ಮೇಲೆ ನೀರು ಬಿಡಲು ಹೊರಟ. ಕಾಯಿ ಒದ್ದೆಯಾದರೆ ಚಿಪ್ಪಿನ ಬುಡ ಕೊಳೆಯುತ್ತದೆ. ಈಗ ಸಾಲು ಹೀಗಿದೆ: “ಕೋಣೆಯ ಗಾಳಿಯಲ್ಲಿ ತೇವ 90ರಿಂದ 95 ಇರಲಿ. ಕಾಯಿಯ ಮೇಲೆ ನೀರು ನಿಲ್ಲಬಾರದು. ಬಣ್ಣ ಬಂದ ಮೇಲೆ 85ಕ್ಕೆ ಇಳಿಸಿ, ಇಲ್ಲದಿದ್ದರೆ ಸಿಪ್ಪೆ ಸೀಳುತ್ತದೆ.”

‘ಬಲಿತ’ ಮತ್ತು ‘ಮಾಗಿದ’ ಪದಗಳಲ್ಲೂ ಎಡವಿದ್ದೆ. ಇಂಗ್ಲಿಷಿನ ‘ಮೆಚ್ಯೂರ್’ ಇದ್ದ ಎರಡು ಕಡೆ ‘ಮಾಗಿದ ಕಾಯಿ’ ಎಂದು ಬಿದ್ದಿತ್ತು. ಮಾಗಿದ್ದನ್ನು ಮತ್ತೆ ಯಾಕೆ ಮಾಗಿಸಬೇಕು? ಯಜಮಾನರೇ ಪೆನ್ನು ತೆಗೆದುಕೊಂಡು ‘ಬಲಿತ ಕಾಯಿ’ ಎಂದು ತಿದ್ದಿದರು.

ಕೋಲ್ಡ್ ಸ್ಟೋರೇಜ್ ಭಾಗದಲ್ಲಿ ಒಂದೇ ಸಾಲಿನ ಬಗ್ಗೆ ತುಂಬ ಹೊತ್ತು ಮಾತಾಡಿದೆವು. ‘ಕಾಯಿಯನ್ನು ತಂಪಾಗಿಡಿ’ ಎಂದು ಬರೆದಿದ್ದೆ. ತಂಪು ಅಂದರೆ ಎಷ್ಟು? ಸೇಬು ಇಡುವವರಿಗೆ ತಂಪು ಅಂದರೆ 0 ಡಿಗ್ರಿ ಹತ್ತಿರ. ಬಾಳೆಕಾಯಿಯನ್ನು 13ರ ಕೆಳಗೆ ಇಳಿಸಿದರೆ ಮುಗಿಯಿತು. ತಕ್ಷಣ ಗೊತ್ತಾಗುವುದಿಲ್ಲ. ಸಿಪ್ಪೆಯನ್ನು ಉಗುರಿನಿಂದ ಕೆರೆದು ನೋಡಿದರೆ ಒಳಗೆ ಕಂದು ಗೆರೆಗಳು ಕಾಣುತ್ತವೆ. ಹಣ್ಣಾದ ಮೇಲೆ ಹಳದಿ ಬರುವ ಬದಲು ಬೂದಿ ಬಳಿದ ಹಾಗೆ ಮಂಕಾಗುತ್ತದೆ. ಆಮೇಲೆ ಯಾವ ಎಥಿಲೀನಿನಿಂದಲೂ ಅದನ್ನು ಸರಿಮಾಡಲು ಆಗುವುದಿಲ್ಲ. ಹಾಗಾಗಿ ಪುಸ್ತಕದಲ್ಲಿ ‘ತಂಪು’ ಇದ್ದ ಕಡೆಯೆಲ್ಲ ಹಣ್ಣಿನ ಹೆಸರು ಮತ್ತು ಡಿಗ್ರಿ ಬರೆದೆ. ಅದೂ ಕಾಯಿಯೊಳಗಿನ ಡಿಗ್ರಿ, ಕಡ್ಡಿ ಚುಚ್ಚಿ ನೋಡಿದ್ದು. ಸಿಂಗೇನ ಅಗ್ರಹಾರದ ಮಾವಿನ ಮಂಡಿಯವರಿಗೆ ಬೇರೆ ಹಾಳೆ ಮಾಡಿದೆವು. ಬಾದಾಮಿ, ರಸಪುರಿಗೆ ಹಣ್ಣು ಮಾಡುವಾಗ 20ರಿಂದ 22 ಬೇಕು. ಬಾಳೆಯ ಹಾಳೆ ಅವರ ಕೈಗೆ ಸಿಗಬಾರದು.

ಆ 5 ಟನ್ ಏನಾಯಿತು? ಬುಧವಾರ ಮಧ್ಯಾಹ್ನವೇ ಕ್ರೇಟುಗಳನ್ನು ಬಿಡಿಸಿ, ಸಾಲುಗಳ ನಡುವೆ ಒಂದು ಗೇಣು ಸಂದಿ ಬಿಟ್ಟು ಮತ್ತೆ ಜೋಡಿಸಿದರು. ಕಾಯಿಯೊಳಗಿನ ಟೆಂಪರೇಚರ್ ರಾತ್ರಿ ಹೊತ್ತಿಗೆ 17ಕ್ಕೆ ಬಂತು. ಇನ್ನೊಂದು ಸಲ 12 ಗಂಟೆ ಎಥಿಲೀನ್ ಕೊಟ್ಟು, ಎರಡು ಗಂಟೆಗೊಮ್ಮೆ ಎಕ್ಸಾಸ್ಟ್ ಹಾಕಿದರು. ಹುಡುಗ ರಾತ್ರಿಯೆಲ್ಲ ಅಲಾರಂ ಇಟ್ಟುಕೊಂಡು ಎದ್ದ, ಟೈಮರ್ ಇನ್ನೂ ಬಂದಿರಲಿಲ್ಲ. ಶುಕ್ರವಾರ ಬೆಳಗ್ಗೆ ನಡುವಿನ ಕ್ರೇಟಿಗೂ ಬಣ್ಣ ತಿರುಗಿತು. ಆದರೆ ಮೊದಲೇ ಮೆತ್ತಗಾಗಿದ್ದ ಸುಮಾರು 40 ಕ್ರೇಟು ತಳ್ಳುಗಾಡಿಯವರಿಗೆ ಬೇಕಾಗಲಿಲ್ಲ. ಎರಡು ದಿನ ತಡೆಯದ ಮಾಲು ಅದು. ಜ್ಯೂಸ್ ಅಂಗಡಿಯವರಿಗೆ ಅರ್ಧ ರೇಟಿಗೆ ಹೋಯಿತು. ನಷ್ಟವನ್ನು ಕಂಪನಿ ಸ್ವಲ್ಪ ಕಟ್ಟಿಕೊಟ್ಟಿತು. ನನ್ನ ಸಂಭಾವನೆಯಲ್ಲಿ ಒಂದು ಭಾಗವನ್ನು ನಾನೂ ಕೊಡಲು ಹೋದೆ. ಯಜಮಾನರು ತೆಗೆದುಕೊಳ್ಳಲಿಲ್ಲ. “ಮೊದ್ಲು ಆ ಸಾಲು ಸರಿ ಮಾಡಿ ಕೊಡಿ” ಅಂದರು.

ಆ ಸಾಲು ಈಗ ಎರಡಾಗಿದೆ. ‘ಒಳಗಿನ ಗಾಳಿ ಸುತ್ತಾಡಲು `FAN` ಯಾವಾಗಲೂ ಆನ್ ಇರಲಿ.’ ‘ಕಾಯಿ ಬಿಡುವ ಉಸಿರು ಹೊರಗೆ ಹೋಗಿ ಹೊಸ ಗಾಳಿ ಬರಲು ಎರಡು ಗಂಟೆಗೊಮ್ಮೆ `EXHAUST` ಹಾಕಿ. ಎಕ್ಸಾಸ್ಟ್ ನಿಂತ ಮೇಲೆಯೇ ಒಳಗೆ ಹೋಗಿ.’ ಹುಡುಗ ಎರಡು ಬಿಳಿ ಸ್ಟಿಕರ್ ತಂದು, ಒಂದು ಸ್ವಿಚ್ಚಿನ ಕೆಳಗೆ ‘ಸುತ್ತೋ ಗಾಳಿ’, ಇನ್ನೊಂದರ ಕೆಳಗೆ ‘ಆಚೆ ಹೋಗೋ ಗಾಳಿ’ ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ. ಮುಂದಿನ ಲೋಡಿನ ಲೆಕ್ಕದ ಹಾಳೆಯ ಫೋಟೋ ಕಳಿಸಿದ್ದ. ಉಸಿರಿನ ಕಾಲಂನಲ್ಲಿ 0.7, 0.8, 0.6, 0.8 ಎಂದು ಬೆಳಗಿನ ತನಕ ಬರೆದಿದ್ದ.